ಕ್ರಿಯೇಟಿನ್, ವೇ, ತಣ್ಣೀರು: ಟೆಸ್ಟೋಸ್ಟಿರಾನ್ ರಿಪೋರ್ಟ್ ಓದುವುದು ಹೇಗೆ

ನನ್ನ ಅಕ್ಕನ ಮಗನಿಗೆ 26 ವರ್ಷ. ಮಾರತ್ತಹಳ್ಳಿ ಕಡೆ ಕೆಲಸ, ವಾರದಲ್ಲಿ ಮೂರು ದಿನ ರಾತ್ರಿ ಪಾಳಿ. ಮನೆ ವಿಜಯನಗರದಲ್ಲಿ, ಜಿಮ್ಮೂ ಅಲ್ಲೇ ಎರಡು ಕ್ರಾಸ್ ಆಚೆ. ಡಿಸೆಂಬರ್‌ನ ಒಂದು ಭಾನುವಾರ ಎರಡು ಬ್ಲಡ್ ರಿಪೋರ್ಟ್ ಹಿಡಿದು ಮನೆಗೆ ಬಂದ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಹಾರ್ಮೋನ್ ಪರೀಕ್ಷೆಗಳದ್ದೇ ವಿಭಾಗ. ಹಾಗಾಗಿ ಮನೆಮಂದಿಯ ರಿಪೋರ್ಟೆಲ್ಲ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತವೆ.

ಅಕ್ಟೋಬರ್ ರಿಪೋರ್ಟ್‌ನಲ್ಲಿ ಟೆಸ್ಟೋಸ್ಟಿರಾನ್ 368. ಡಿಸೆಂಬರ್‌ನದ್ದರಲ್ಲಿ 512. (ಡೆಸಿಲೀಟರ್ ರಕ್ತಕ್ಕೆ ಇಷ್ಟು ನ್ಯಾನೊಗ್ರಾಂ ಅನ್ನುವ ಲೆಕ್ಕ ಇದು. ಇನ್ನು ಮುಂದೆ ಬರೀ ಸಂಖ್ಯೆ ಹೇಳುತ್ತೇನೆ.)

"ನೋಡಿ ಮಾಮ, ಎಂಟು ವಾರಕ್ಕೆ 39 ಪರ್ಸೆಂಟ್ ಜಾಸ್ತಿ. ಕ್ರಿಯೇಟಿನ್, ವೇ, ಬೆಳಿಗ್ಗೆ ತಣ್ಣೀರು. ಟ್ರೈನರ್ ಹೇಳಿದ್ದು ಇಷ್ಟೇ," ಅಂದ.

ರಕ್ತ ಕೊಟ್ಟಿದ್ದು ಯಾವ ಹೊತ್ತಿಗೆ ಎಂದು ಕೇಳಿದೆ. ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆ, ಊಟ ಮುಗಿಸಿ, ಹಿಂದಿನ ರಾತ್ರಿ ಪಾಳಿ ಮಾಡಿ ನಾಲ್ಕು ಗಂಟೆ ಮಲಗಿ ಎದ್ದ ಮೇಲೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಮುಕ್ಕಾಲು ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ, ರಜೆಯ ವಾರದಲ್ಲಿ. ಅಲ್ಲಿಗೆ ಅವನ ಲೆಕ್ಕ ಅರ್ಧ ಕುಸಿದಿತ್ತು. ಉಳಿದರ್ಧವನ್ನು ಇಬ್ಬರೂ ಕೂತು ಬಿಡಿಸಿದೆವು. ನಿಮ್ಮ ಕೈಯಲ್ಲೂ ಇಂಥ ಎರಡು ರಿಪೋರ್ಟ್ ಇದ್ದರೆ ಅದೇ ದಾರಿಯಲ್ಲಿ ಹೋಗಿ.

ಮೊದಲು ಗಡಿಯಾರ ನೋಡಿ

ಟೆಸ್ಟೋಸ್ಟಿರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿದ್ದೆಯಲ್ಲಿ ಏರುತ್ತದೆ, ಎದ್ದ ಹೊತ್ತಿಗೆ ತುದಿಯಲ್ಲಿರುತ್ತದೆ, ಸಂಜೆಯ ಕಡೆ ಇಳಿಯುತ್ತಾ ಹೋಗುತ್ತದೆ. ಮೂವತ್ತರ ಆಸುಪಾಸಿನ ಗಂಡಸರಲ್ಲಿ ಬೆಳಿಗ್ಗೆ ಎಂಟರ ಮಟ್ಟಕ್ಕಿಂತ ಸಂಜೆ ನಾಲ್ಕರ ಮಟ್ಟ ಶೇ. 20ರಿಂದ 25ರಷ್ಟು ಕಡಿಮೆ ಇರುತ್ತದೆ. ಎಪ್ಪತ್ತು ದಾಟಿದವರಲ್ಲಿ ಈ ಏರಿಳಿತ ಅಷ್ಟಿಲ್ಲ. ಅಂದರೆ ಹೊತ್ತಿನ ಮೋಸಕ್ಕೆ ಜಾಸ್ತಿ ಸಿಕ್ಕಿಬೀಳುವವರು ಹುಡುಗರೇ.

ಆಮೇಲೆ ಊಟ. 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದಾಗ ಟೆಸ್ಟೋಸ್ಟಿರಾನ್ ಸರಾಸರಿ ಕಾಲು ಭಾಗ ಇಳಿದು, ಎರಡು ಗಂಟೆ ಆದರೂ ಕೆಳಗೇ ಇತ್ತು. ಒಂದು ತಟ್ಟೆ ಬಿಸಿಬೇಳೆ ಭಾತ್ ಗ್ಲೂಕೋಸ್ ನೀರಿನಷ್ಟು ಬೇಗ ರಕ್ತಕ್ಕೆ ಸೇರುವುದಿಲ್ಲ ನಿಜ, ಆದರೆ ಎಳೆಯುವುದು ಅದೇ ದಿಕ್ಕಿಗೆ.

ಮೂರನೆಯದು ನಿದ್ದೆ. ಶಿಕಾಗೋ ವಿಶ್ವವಿದ್ಯಾಲಯದವರು 2011ರಲ್ಲಿ ಹತ್ತು ಆರೋಗ್ಯವಂತ ಹುಡುಗರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿದರು. ಹಗಲಿನ ಟೆಸ್ಟೋಸ್ಟಿರಾನ್ ಶೇ. 10ರಿಂದ 15 ಇಳಿಯಿತು. ಹತ್ತು ಜನ ಕಡಿಮೆಯೇ, ಒಪ್ಪುತ್ತೇನೆ. ಆದರೂ ನಮ್ಮ ಹುಡುಗನ ರಾತ್ರಿ ಪಾಳಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಸಿಗುವುದು ಕಷ್ಟ.

ಈಗ ಅವನ ಸಂಖ್ಯೆಗೆ ಬನ್ನಿ. ಅಕ್ಟೋಬರ್‌ನ 368 ಮಧ್ಯಾಹ್ನದ್ದು. ಹೊತ್ತೊಂದಕ್ಕೇ ಶೇ. 22 ಇಳಿದಿತ್ತು ಎಂದು ಇಟ್ಟುಕೊಂಡರೂ, ಅವತ್ತು ಬೆಳಿಗ್ಗೆ ಅದು 470ರ ಹತ್ತಿರ ಇದ್ದಿರಬೇಕು. ಊಟ, ನಿದ್ದೆಗೆ ನಾನಿನ್ನೂ ಏನೂ ಸೇರಿಸಿಲ್ಲ. ಹಾಗಾದರೆ ಹೋಲಿಸಬೇಕಾದ್ದು 470 ಮತ್ತು 512. ವ್ಯತ್ಯಾಸ ಶೇ. 9.

ಈ ಒಂಬತ್ತಕ್ಕಾದರೂ ಅರ್ಥ ಇದೆಯಾ? ಇಲ್ಲ. ಒಬ್ಬನೇ ಮನುಷ್ಯ, ಒಂದೇ ಹೊತ್ತು, ಒಂದೇ ಲ್ಯಾಬ್ ಆದರೂ ದಿನದಿಂದ ದಿನಕ್ಕೆ ಈ ಹಾರ್ಮೋನ್ ಶೇ. ಹತ್ತರಷ್ಟು ಆಕಡೆ ಈಕಡೆ ಆಡುತ್ತಿರುತ್ತದೆ. ಅದರ ಮೇಲೆ ಯಂತ್ರದ್ದೂ ಒಂದಿಷ್ಟು ಅಲುಗಾಟ ಇದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಎರಡು ರಿಪೋರ್ಟ್ ನಡುವೆ ಸುಮಾರು ಶೇ. 30 ಅಂತರ ಬರುವ ತನಕ "ನಿಜಕ್ಕೂ ಬದಲಾಗಿದೆ" ಎಂದು ನಾವು ಲ್ಯಾಬ್‌ನವರು ಹೇಳುವುದಿಲ್ಲ. ಇಷ್ಟು ಕೇಳಿದ ಮೇಲೂ ಹುಡುಗ ಬಿಡಲಿಲ್ಲ. "ಸರಿ ಮಾಮ, ಆದರೂ ಈ ಮೂರರಲ್ಲಿ ಯಾವುದಾದರೂ ಒಂದು ಏರಿಸಿರಬಹುದಲ್ವಾ?" ನ್ಯಾಯವಾದ ಪ್ರಶ್ನೆ. ಒಂದೊಂದಾಗಿ ನೋಡೋಣ.

ಕ್ರಿಯೇಟಿನ್: ಕೂದಲಿನ ಕಥೆ ಬಂದಿದ್ದೆಲ್ಲಿಂದ

ಕ್ರಿಯೇಟಿನ್ ಹಾರ್ಮೋನ್ ಅಲ್ಲ. ನಮ್ಮ ದೇಹವೇ ದಿನಾ ಒಂದಿಷ್ಟು ತಯಾರಿಸುತ್ತದೆ, ಮೀನು ಮಾಂಸದಿಂದಲೂ ಬರುತ್ತದೆ. ಸ್ನಾಯುವಿನೊಳಗೆ ಅದರ ಕೆಲಸ ಖಾಲಿಯಾದ ಬ್ಯಾಟರಿಯನ್ನು ತಕ್ಷಣ ತುಂಬಿಸುವಂಥದ್ದು. ಭಾರ ಎತ್ತುವಾಗ ಮೊದಲ ಹತ್ತು ಸೆಕೆಂಡಿನ ಶಕ್ತಿ ಬಹುಪಾಲು ಅಲ್ಲಿಂದಲೇ. ಸ್ನಾಯುವಿನಲ್ಲಿ ದಾಸ್ತಾನು ಹೆಚ್ಚಿದರೆ ಏಳು ಸಲ ಎತ್ತುತ್ತಿದ್ದವನು ಎಂಟು ಸಲ ಎತ್ತುತ್ತಾನೆ. ಆ ಎಂಟನೆಯ ಸಲದ್ದೇ ಲಾಭ. ತಿಂಗಳುಗಟ್ಟಲೆ ಅದು ಕೂಡುತ್ತಾ ಹೋಗಿ ಸ್ನಾಯುವಾಗುತ್ತದೆ. ಮಾಂಸ ತಿನ್ನದವರ ಸ್ನಾಯುವಿನಲ್ಲಿ ದಾಸ್ತಾನು ಮೊದಲೇ ಕಡಿಮೆ ಇರುವುದರಿಂದ ಅವರಿಗೆ ಫರಕು ಚೆನ್ನಾಗಿಯೇ ಗೊತ್ತಾಗುತ್ತದೆ. ನಮ್ಮ ಹುಡುಗ ಮೊಟ್ಟೆ ಮಾತ್ರ ತಿನ್ನುವವನು. ಅವನ ಬೆಂಚ್ ಪ್ರೆಸ್ ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಟೆಸ್ಟೋಸ್ಟಿರಾನ್? ಅದನ್ನು ಅಳೆದ ಹನ್ನೆರಡು ಅಧ್ಯಯನಗಳನ್ನು ತಜ್ಞರ ಒಂದು ತಂಡ 2021ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಹತ್ತರಲ್ಲಿ ಏನೂ ಬದಲಾವಣೆ ಇಲ್ಲ. ಎರಡರಲ್ಲಿ ಮೊದಲ ಆರೇಳು ದಿನಕ್ಕೆ ಸಣ್ಣ ಏರಿಕೆ, ದೇಹಕ್ಕೆ ಲೆಕ್ಕಕ್ಕೇ ಬಾರದಷ್ಟು.

ಆದರೆ ಜಿಮ್‌ನಲ್ಲಿ ಕೇಳುವ ಮಾತೇ ಬೇರೆ. "ಕ್ರಿಯೇಟಿನ್ ತಗೊಂಡ್ರೆ ಟೆಸ್ಟೋ ಏರುತ್ತೆ, ಕೂದಲು ಉದುರುತ್ತೆ." ಇದರ ಬೇರು ಒಂದೇ ಒಂದು ಅಧ್ಯಯನದಲ್ಲಿದೆ. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಾಲೇಜು ವಯಸ್ಸಿನ ಇಪ್ಪತ್ತು ರಗ್ಬಿ ಆಟಗಾರರಿಗೆ ಮೊದಲ ವಾರ ದಿನಕ್ಕೆ 25 ಗ್ರಾಂ, ಆಮೇಲೆ ಎರಡು ವಾರ 5 ಗ್ರಾಂ ಕ್ರಿಯೇಟಿನ್ ಕೊಟ್ಟರು. ಅದೇ ಆಟಗಾರರಿಗೆ ಇನ್ನೊಂದು ಸರದಿಯಲ್ಲಿ ಬರೀ ಗ್ಲೂಕೋಸ್ ಕೊಟ್ಟು ಹೋಲಿಸಿದರು. ಟೆಸ್ಟೋಸ್ಟಿರಾನ್ ಅಲ್ಲಾಡಲಿಲ್ಲ. ಅದರಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನ್ ಮಾತ್ರ ಮೊದಲ ವಾರಕ್ಕೆ ಶೇ. 56 ಏರಿತು, ಕೊನೆಗೂ ಶೇ. 40 ಮೇಲೆಯೇ ಇತ್ತು. ವಂಶಪಾರಂಪರ್ಯವಾಗಿ ಬರುವ ಬೋಳುತಲೆಗೂ ಡಿಎಚ್‌ಟಿಗೂ ನಂಟಿದೆ. ಅಷ್ಟು ಸಾಕಾಯಿತು, ಸುದ್ದಿ ಹಬ್ಬಿತು.

ಆ ಅಧ್ಯಯನವನ್ನು ನಾನು ಲ್ಯಾಬ್‌ನವನ ಕಣ್ಣಲ್ಲಿ ಓದಿದಾಗ ಮೂರು ವಿಷಯ ಕಂಡವು. ಕ್ರಿಯೇಟಿನ್ ಸರದಿ ಶುರುವಾಗುವಾಗ ಅವರ ಡಿಎಚ್‌ಟಿ ಬರೀ ಗ್ಲೂಕೋಸ್ ತೆಗೆದುಕೊಂಡ ಸರದಿಗಿಂತ ಕೆಳಗಿತ್ತು. ಹಾಗಾಗಿ ಏರಿಕೆಯ ಶೇಕಡ ದೊಡ್ಡದಾಗಿ ಕಂಡಿತು. ಏರಿದ ಮೇಲೂ ಅದು ಸಾಮಾನ್ಯ ಮಿತಿಯೊಳಗೇ ಇತ್ತು. ಇನ್ನೊಂದು, ಅವರು ಕೂದಲನ್ನು ನೋಡಲೇ ಇಲ್ಲ! 2025ರಲ್ಲಿ ಬಂದ ಪ್ರಯೋಗವೊಂದರಲ್ಲಿ ಹನ್ನೆರಡು ವಾರ ದಿನಕ್ಕೆ 5 ಗ್ರಾಂ ಕೊಟ್ಟು ಡಿಎಚ್‌ಟಿ, ಕೂದಲು ಎರಡನ್ನೂ ಅಳೆದರು. ಕೊನೆತನಕ ಉಳಿದ 38 ಜನರಲ್ಲಿ, ಕ್ರಿಯೇಟಿನ್ ತಿಂದವರಿಗೂ ಕ್ರಿಯೇಟಿನ್ ಇಲ್ಲದ ಬರೀ ಪುಡಿ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಹನ್ನೆರಡು ವಾರ ಕೂದಲಿನ ಆಯಸ್ಸಿಗೆ ಚಿಕ್ಕ ಅವಧಿ ಎಂಬುದನ್ನು ಮಾತ್ರ ನೆನಪಿಡಿ.

ತೆಗೆದುಕೊಳ್ಳುವುದಾದರೆ ಕ್ರಿಯೇಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಾದರೂ ಸರಿ. ಮೊದಲ ವಾರ 20 ಗ್ರಾಂ "ಲೋಡಿಂಗ್" ಮಾಡಿದರೆ ಸ್ನಾಯು ಬೇಗ ತುಂಬುತ್ತದೆ. ದಿನಾ 3 ಗ್ರಾಂನಂತೆ ಹೋದರೆ ನಾಲ್ಕು ವಾರಕ್ಕೆ ಅಲ್ಲಿಗೇ ಮುಟ್ಟುತ್ತದೆ. ಅವಸರ ಇಲ್ಲದವರು ಹೊಟ್ಟೆ ಕೆಡಿಸಿಕೊಳ್ಳಬೇಕಾಗಿಲ್ಲ. ಶುರುವಿನಲ್ಲಿ ತೂಕ ಒಂದೆರಡು ಕಿಲೊ ಏರುತ್ತದೆ. ಅದರಲ್ಲಿ ಬಹುಪಾಲು ಸ್ನಾಯುವಿಗೆ ಸೇರಿದ ನೀರು. ಟ್ರೈನರ್ ಅದನ್ನು "ಮಸಲ್" ಎಂದು ಬೆನ್ನು ತಟ್ಟಿದರೆ ನಕ್ಕು ಸುಮ್ಮನಾಗಿ.

ಇಲ್ಲಿ ಲ್ಯಾಬ್‌ನವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಕ್ರಿಯೇಟಿನ್ ದೇಹದಲ್ಲಿ ಕೊನೆಗೆ ಕ್ರಿಯೇಟಿನಿನ್ ಆಗಿ ಮೂತ್ರಕ್ಕೆ ಹೋಗುತ್ತದೆ. ಹೆಸರೂ ಒಂದೇ ಥರ, ನಂಟೂ ಹತ್ತಿರದ್ದೇ. ಕಿಡ್ನಿ ಪರೀಕ್ಷೆಯಲ್ಲಿ ಅಳೆಯುವುದು ಈ ಕ್ರಿಯೇಟಿನಿನ್ನನ್ನೇ. ಪುಡಿ ತಿನ್ನುವವನ ಸಂಖ್ಯೆ 1.3, 1.4ಕ್ಕೆ ಏರಿದರೆ ಕಿಡ್ನಿ ಹಾಳಾಗಿದೆ ಎಂದು ಅರ್ಥವಲ್ಲ, ಹಾಗಂತ ಚೆನ್ನಾಗಿದೆ ಎಂದೂ ಅಲ್ಲ. ಡಾಕ್ಟರ್‌ಗೆ "ಕ್ರಿಯೇಟಿನ್ ತಗೊಳ್ತಿದ್ದೀನಿ" ಎಂದು ಮೊದಲೇ ಹೇಳಿ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಬೇರೆ ಪರೀಕ್ಷೆ ಇದೆ, ಅದಕ್ಕೆ ಕ್ರಿಯೇಟಿನ್‌ನ ಗೊಡವೆ ಇಲ್ಲ. ಮೊದಲೇ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಡಬ್ಬ ತೆರೆಯುವುದು ಬೇಡ.

ವೇ: ಹಾಲೊಡಕು ನೀರು, ಅಷ್ಟೇ

ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡಿದಾಗ ಉಳಿಯುವ ನೀರಿದೆಯಲ್ಲ, ಅದರೊಳಗಿನ ಪ್ರೋಟೀನೇ ವೇ. ನಮ್ಮಮ್ಮ ಅದನ್ನು ಚಪಾತಿ ಹಿಟ್ಟಿಗೆ ಹಾಕುತ್ತಿದ್ದರು. ಅದನ್ನು ಸೋಸಿ ಒಣಗಿಸಿ ಚಾಕೊಲೇಟ್ ವಾಸನೆ ಸೇರಿಸಿದರೆ ಡಬ್ಬಕ್ಕೆ ಬರುತ್ತದೆ. ಸ್ನಾಯುವಿಗೆ ಬೇಕಾದ ಇಟ್ಟಿಗೆ ಅದು. ಇಟ್ಟಿಗೆ ತಂದು ಸುರಿದರೆ ಮೇಸ್ತ್ರಿಗಳು ಹೆಚ್ಚಾಗುವುದಿಲ್ಲ, ಹಾಗೆಯೇ ವೇ ಕುಡಿದರೆ ಟೆಸ್ಟೋಸ್ಟಿರಾನ್ ಏರುವುದಿಲ್ಲ. ಪ್ರೋಟೀನ್ ವಿಪರೀತವಾದರೆ ಇಳಿದದ್ದೂ ಉಂಟು. ಕಿಲೊ ತೂಕಕ್ಕೆ 3.4 ಗ್ರಾಂಗಿಂತ ಮೇಲೆ ಪ್ರೋಟೀನ್ ತಿಂದು ಅನ್ನ, ಚಪಾತಿಯಂಥ ಹಿಟ್ಟಿನ ಪದಾರ್ಥ ಕಡಿಮೆ ಮಾಡಿದ ಗಂಡಸರಲ್ಲಿ ಅದು ಕಂಡಿದೆ. ನಮ್ಮ ಹುಡುಗನ ತೂಕಕ್ಕೆ ಅದು ದಿನಕ್ಕೆ 245 ಗ್ರಾಂ ಆಗುತ್ತದೆ. ಇಡ್ಲಿ ಸಾಂಬಾರ್ ತಿನ್ನುವವನಿಗೆ ಆ ಭಯ ಬೇಡ.

ಸ್ಕೂಪ್ ಬೇಕಾ ಬೇಡವಾ ಎಂದು ತಿಳಿಯಲು ಒಂದು ದಿನದ ಊಟ ಬರೆದು ಕೂಡಿಸಿದರೆ ಸಾಕು. ಭಾರ ಎತ್ತುವವರಿಗೆ ಕಿಲೊ ತೂಕಕ್ಕೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ. ಅವನು 72 ಕಿಲೊ, ಅಂದರೆ 115 ಗ್ರಾಂ. ಬೆಳಿಗ್ಗೆ ನಾಲ್ಕು ಇಡ್ಲಿ ಸಾಂಬಾರ್‌ನಿಂದ ಸುಮಾರು 12, ಮಧ್ಯಾಹ್ನ ಅನ್ನ, ಹುಳಿ, ಪಲ್ಯ, ಮೊಸರಿನಿಂದ 18, ಎರಡು ಮೊಟ್ಟೆ 12, ಅರ್ಧ ಲೀಟರ್ ಹಾಲು 16, ರಾತ್ರಿ ಚಪಾತಿ ದಾಲ್ 16. ಒಟ್ಟು 74. ಇನ್ನೂ ನಲವತ್ತು ಬೇಕು. ಒಂದು ಸ್ಕೂಪಿಗೆ 24 ಬಂತು. ಉಳಿದದ್ದು ಮೂವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಸಿಗುತ್ತದೆ. ಅವನು ಕುಡಿಯುತ್ತಿದ್ದದ್ದು ಮೂರು ಸ್ಕೂಪ್. ಎರಡು ಸ್ಕೂಪ್ ಸುಮ್ನೆ ದುಡ್ಡು ದಂಡ.

ಡಬ್ಬದ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇದೆ. ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಸಾಮಾನ್ಯ ವಿಧಾನ ನೈಟ್ರೋಜನ್ ಎಣಿಸುತ್ತದೆ. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೆ ನೈಟ್ರೋಜನ್ ಏರುತ್ತದೆ, ಕಾಗದದ ಮೇಲೆ ಪ್ರೋಟೀನ್ ಏರಿದಂತೆ ಕಾಣುತ್ತದೆ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿತು. ಹತ್ತರಲ್ಲಿ ಏಳರಷ್ಟು ಡಬ್ಬಗಳ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಅಂಗಡಿಯಲ್ಲಿ ನಿಂತು ನೀವು ನೋಡಬಹುದಾದ್ದು ಲೇಬಲ್. ಬರೀ ವೇ ಎನ್ನುವ ಡಬ್ಬದ ಪದಾರ್ಥಗಳ ಸಾಲಿನಲ್ಲಿ ಗ್ಲೈಸಿನ್, ಟಾರಿನ್ ಬೇರೆಯಾಗಿ ಬರೆದಿದ್ದರೆ ಕೆಳಗಿಡಿ. 24 ಗ್ರಾಂ ಪ್ರೋಟೀನಿಗೆ ಲ್ಯೂಸಿನ್ ಸುಮಾರು ಎರಡೂವರೆ ಗ್ರಾಂ ಇರಬೇಕು, ತೀರಾ ಕಡಿಮೆ ಇದ್ದರೆ ಅನುಮಾನ ಪಡಿ. ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ನಂಬರ್ ಇರಲೇಬೇಕು. ಟ್ರೈನರ್ ಲಾಕರ್‌ನಿಂದ ತೆಗೆದುಕೊಡುವ, ಬಿಲ್ ಇಲ್ಲದ ಡಬ್ಬ ಬೇಡವೇ ಬೇಡ.

ಯಾಕೆಂದರೆ ನಿಜಕ್ಕೂ ಹಾರ್ಮೋನ್ ಅಲ್ಲಾಡಿಸುವ ಡಬ್ಬಗಳೂ ಇವೆ. ಜರ್ಮನಿಯ ಕಲೋನ್‌ನ ಡೋಪಿಂಗ್ ಪರೀಕ್ಷಾ ಲ್ಯಾಬ್‌ನವರು 2004ರಲ್ಲಿ ಹದಿಮೂರು ದೇಶಗಳ 634 ಸಪ್ಲಿಮೆಂಟ್ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ಹಾರ್ಮೋನ್ ಇಲ್ಲ ಎಂದು ಮಾರುತ್ತಿದ್ದವುಗಳಲ್ಲೇ 94ರಲ್ಲಿ ಲೇಬಲ್ ಮೇಲಿಲ್ಲದ ಸ್ಟಿರಾಯ್ಡ್ ಜಾತಿಯ ವಸ್ತು ಸಿಕ್ಕಿತು.

ಇದು ಹೇಗೆ ಗೊತ್ತಾಗುತ್ತದೆ? ಬೆನ್ನು, ಭುಜದ ಮೇಲೆ ಇದ್ದಕ್ಕಿದ್ದಂತೆ ಮೊಡವೆ. ಮೊಲೆತೊಟ್ಟಿನ ಹಿಂದೆ ಮುಟ್ಟಿದರೆ ನೋವು, ಗಂಟು. ಒಂದೇ ತಿಂಗಳಲ್ಲಿ ನಾಲ್ಕೈದು ಕಿಲೊ ಗಟ್ಟಿ ಮೈ. ರಕ್ತದಲ್ಲಿ ಇನ್ನೂ ಸ್ಪಷ್ಟ. ಬೀಜಕ್ಕೆ "ಟೆಸ್ಟೋಸ್ಟಿರಾನ್ ಮಾಡು" ಎಂದು ಹೇಳುವುದು ಮಿದುಳಿನ ಬುಡದಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನ್. ಹೊರಗಿನಿಂದ ಸ್ಟಿರಾಯ್ಡ್ ಬಂದರೆ ಮಿದುಳು ಆ ಆಜ್ಞೆ ನಿಲ್ಲಿಸುತ್ತದೆ, ಎಲ್‌ಎಚ್ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಬಂದದ್ದು ಟೆಸ್ಟೋಸ್ಟಿರಾನ್ ಆಗಿದ್ದರೆ ಅದರ ಸಂಖ್ಯೆ ಆಕಾಶಕ್ಕೆ, ಬೇರೆ ಸ್ಟಿರಾಯ್ಡ್ ಮಾತ್ರೆಯಾಗಿದ್ದರೆ ಪಾತಾಳಕ್ಕೆ. ಎರಡರಲ್ಲೂ ಎಲ್‌ಎಚ್ ಕೆಳಗೇ. ಬೀಜ ಚಿಕ್ಕದಾಗುತ್ತದೆ, ವೀರ್ಯಾಣು ಕುಸಿಯುತ್ತದೆ.

ನಿಜವಾಗಿ ಏರಿಸುವುದು ಎಂದರೆ ಎಷ್ಟು ಎಂದು ತಿಳಿಯಲು 1996ರ ಒಂದು ಅಮೆರಿಕನ್ ಪ್ರಯೋಗ ನೋಡಿ. ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಚುಚ್ಚಿದಾಗ ಹತ್ತು ವಾರದಲ್ಲಿ, ವ್ಯಾಯಾಮ ಮಾಡದವರಿಗೂ ಕೊಬ್ಬಿಲ್ಲದ ತೂಕ ಮೂರು ಕಿಲೊ ಮೇಲೆ ಏರಿತು. ಅದು ದೇಹ ತಾನೇ ಮಾಡುವುದರ ಹಲವು ಪಟ್ಟು. ಅದನ್ನು ನೋಡಿದವರಿಗೆ 470, 512ರ ಜಗಳ ನಗು ತರಿಸುತ್ತದೆ. ಸಾಮಾನ್ಯ ಮಿತಿಯೊಳಗಿನ ಇಷ್ಟು ಏರಿಳಿತಕ್ಕೆ ತೋಳು ದಪ್ಪ ಆಗುವುದಿಲ್ಲ.

ತಣ್ಣೀರು: ಇಲ್ಲಿ ದಿಕ್ಕೇ ಉಲ್ಟಾ

ಬೀಜಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು ಎಂಬುದು ನಿಜ. ಅದು ಬೇಕಿರುವುದು ವೀರ್ಯಾಣು ತಯಾರಿಗೆ. ಬಿಸಿನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂರುವವರ ವೀರ್ಯಾಣು ಕಡಿಮೆಯಾಗುತ್ತದೆ. ಟೆಸ್ಟೋಸ್ಟಿರಾನ್ ಮಾಡುವ ಜೀವಕೋಶಗಳೇ ಬೇರೆ. "ಬಿಸಿ ಕೆಟ್ಟದ್ದಾದರೆ ತಂಪು ಇನ್ನೂ ಒಳ್ಳೇದು" ಎಂದು ಯಾರೋ ಎರಡನ್ನೂ ಕಲಸಿಬಿಟ್ಟರು, ಅಷ್ಟೇ.

ಅಳೆದು ನೋಡಿದವರೂ ಇದ್ದಾರೆ. 1991ರಲ್ಲಿ ಜಪಾನಿನಲ್ಲಿ 32 ಗಂಡಸರ ಮೇಲೆ ವ್ಯಾಯಾಮ, ತಣ್ಣೀರು ಎರಡನ್ನೂ ಹೋಲಿಸಿದರು. ಇಪ್ಪತ್ತು ನಿಮಿಷದ ಸೈಕಲ್ ತುಳಿತಕ್ಕೆ ಟೆಸ್ಟೋಸ್ಟಿರಾನ್ ಶೇ. 20ರಷ್ಟು ಏರಿತು, ಅದೂ ಸ್ವಲ್ಪ ಹೊತ್ತಿಗೆ. ತಣ್ಣೀರಿಗೆ ಶೇ. 10 ಇಳಿಯಿತು. ಎಲ್‌ಎಚ್ ಮಾತ್ರ ಶೇ. 22 ಏರಿತು. ಈ ಎಲ್‌ಎಚ್ ಏರಿಕೆಯನ್ನಷ್ಟೇ ಕತ್ತರಿಸಿ ರೀಲ್ಸ್‌ನಲ್ಲಿ ತೋರಿಸಿದರೆ ಕಥೆ ಚೆನ್ನಾಗಿರುತ್ತದೆ ಅಲ್ವಾ?

ಜಿಮ್ ಮುಗಿಸಿದ ಕೂಡಲೇ ತಂಪಿಗಿಳಿಯುವವರಿಗೆ ಇನ್ನೊಂದು ನಷ್ಟ ಇದೆ. 2015ರಲ್ಲಿ ಆಸ್ಟ್ರೇಲಿಯಾದಲ್ಲಿ 21 ಜನ ಹನ್ನೆರಡು ವಾರ ಭಾರ ಎತ್ತಿದರು. ಅರ್ಧದಷ್ಟು ಜನ ಪ್ರತಿ ಸಲ ಮುಗಿಸಿ ಹತ್ತು ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಕೂತರು, ಉಳಿದವರು ನಿಧಾನ ಸೈಕಲ್ ತುಳಿದರು. ನೀರಿನಲ್ಲಿ ಕೂತವರ ಸ್ನಾಯುವೂ ಶಕ್ತಿಯೂ ಕಡಿಮೆ ಬೆಳೆದವು. ವ್ಯಾಯಾಮದ ನಂತರ ಸ್ನಾಯು ತನ್ನನ್ನು ಕಟ್ಟಿಕೊಳ್ಳಲು ಕೊಡುವ ಸಂಕೇತವನ್ನು ತಂಪು ಮಂಕು ಮಾಡುತ್ತದೆ.

ಬೆಂಗಳೂರಿನ ನಲ್ಲಿಗೆ ಇದು ಎಷ್ಟು ಅನ್ವಯ? ಡಿಸೆಂಬರ್ ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಟ್ಯಾಂಕಿನ ನೀರನ್ನು ಥರ್ಮಾಮೀಟರ್‌ನಲ್ಲಿ ಅಳೆದೆ, 20 ಡಿಗ್ರಿ ಇತ್ತು. ಪ್ರಯೋಗದ ಹತ್ತು ಡಿಗ್ರಿಗೂ ಇದಕ್ಕೂ ದೂರ. ಎರಡು ನಿಮಿಷ ಚೊಂಬಿನಲ್ಲಿ ಹುಯ್ದುಕೊಳ್ಳುವ ಸ್ನಾನ ನಿಮ್ಮ ಸ್ನಾಯುವನ್ನು ಕರಗಿಸುವುದಿಲ್ಲ, ಟೆಸ್ಟೋಸ್ಟಿರಾನನ್ನು ಏರಿಸುವುದೂ ಇಲ್ಲ. ಅಯ್ಯಪ್ಪ ಮಾಲೆ ಹಾಕಿದವರು ಇದೇ ಚಳಿಯಲ್ಲಿ ನಲವತ್ತೊಂದು ದಿನ ಮುಂಜಾನೆ ತಣ್ಣೀರು ಹುಯ್ದುಕೊಳ್ಳುತ್ತಾರೆ. ಅವರು ಯಾರೂ ಹಾರ್ಮೋನಿನ ಆಸೆಗೆ ಮಾಡಿದ್ದಲ್ಲ.

ಆದರೂ ಮೈ ಜುಮ್ಮೆಂದು ಲವಲವಿಕೆ ಬರುತ್ತದೆ, ಅದು ಸುಳ್ಳಲ್ಲ. ಚಳಿ ತಾಗಿದಾಗ ನಾರ್‌ಅಡ್ರಿನಲಿನ್ ಏರುತ್ತದೆ, ಎಚ್ಚರ, ಹುರುಪು ಅಲ್ಲಿಂದ. ಹುಡುಗರು ಆ ಹುರುಪಿಗೆ ಟೆಸ್ಟೋಸ್ಟಿರಾನ್ ಎಂದು ಹೆಸರಿಡುತ್ತಾರೆ. ಇಷ್ಟವಿದ್ದರೆ ಬೆಳಿಗ್ಗೆ ಮಾಡಿ, ಭಾರ ಎತ್ತಿದ ಮೇಲಿನ ನಾಲ್ಕೈದು ಗಂಟೆ ಐಸ್ ತೊಟ್ಟಿಯಿಂದ ದೂರ ಇರಿ. ಹೃದಯದ ತೊಂದರೆ, ಬಿಪಿ ಇರುವವರಿಗೆ ಈ ಆಟ ಬೇಡ.

ಸರಿಯಾಗಿ ರಕ್ತ ಕೊಡುವುದು

ಇಷ್ಟಾದ ಮೇಲೆ ಅವನಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಹೇಳಿದೆ. ನೀವು ಮಾಡಿಸುವುದಾದರೂ ಹೀಗೇ ಮಾಡಿ.

ರಾತ್ರಿ ಪಾಳಿ ಇಲ್ಲದ ವಾರ ಆರಿಸಿಕೊಳ್ಳಿ, ಹಿಂದಿನ ಮೂರು ನಾಲ್ಕು ರಾತ್ರಿ ಏಳು ಗಂಟೆಯಾದರೂ ಮಲಗಿ. ಪಾಳಿ ತಪ್ಪಿಸಲು ಆಗದಿದ್ದರೆ ಗಡಿಯಾರ ಬಿಟ್ಟು, ನಿದ್ದೆಯಿಂದ ಎದ್ದ ಎರಡು ಮೂರು ಗಂಟೆಯೊಳಗೆ ರಕ್ತ ಕೊಡಿ, ರಿಪೋರ್ಟ್ ಮೇಲೆ ಅದನ್ನು ಬರೆಸಿ. ಜ್ವರ ಬಂದು ಎರಡು ವಾರ ಆಗಿರದಿದ್ದರೆ ಮುಂದೂಡಿ. ಹಿಂದಿನ ಎರಡು ದಿನ ಭಾರೀ ಲೆಗ್ ಡೇ ಬೇಡ. ರಾತ್ರಿ ಊಟದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಕಾಫಿಯೂ ಸೇರಿ. ಮನೆಗೆ ಬಂದು ರಕ್ತ ತೆಗೆಯುವವರು ಟ್ರಾಫಿಕ್‌ನಲ್ಲಿ ಸಿಕ್ಕಿ ಹನ್ನೊಂದಕ್ಕೆ ಬಂದರೆ ವಾಪಸ್ ಕಳಿಸಿ. ಏಳರಿಂದ ಹತ್ತರೊಳಗೆ ಆಗಬೇಕು.

ಯಾರೂ ಹೇಳದ ಒಂದು ವಿಷಯ ಬಯೋಟಿನ್. ಕೂದಲು ಉದುರುತ್ತದೆಂದು ಹುಡುಗರು 5, 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ನುಂಗುತ್ತಾರೆ. ಕೆಲವು ಯಂತ್ರಗಳ ಪರೀಕ್ಷೆ ಬಯೋಟಿನ್ ಅಂಟಿನ ಮೇಲೆಯೇ ನಡೆಯುತ್ತದೆ, ರಕ್ತದಲ್ಲಿ ಅದು ತುಂಬಿದ್ದರೆ ಟೆಸ್ಟೋಸ್ಟಿರಾನ್ ಇಲ್ಲದ ಎತ್ತರಕ್ಕೆ ಏರಿ ಕಾಣುತ್ತದೆ. ಮೂರು ದಿನ ಮೊದಲು ನಿಲ್ಲಿಸಿ. ಕ್ರಿಯೇಟಿನ್ ಭಯದಿಂದ ಬಯೋಟಿನ್ ನುಂಗಿ, ಆ ಬಯೋಟಿನ್ ಏರಿಸಿದ ಸಂಖ್ಯೆಯನ್ನು ಕ್ರಿಯೇಟಿನ್ ಲೆಕ್ಕಕ್ಕೆ ಬರೆದವರನ್ನೂ ನಾನು ನೋಡಿದ್ದೇನೆ.

ಕೇಳಬೇಕಾದ್ದು ಒಟ್ಟು ಟೆಸ್ಟೋಸ್ಟಿರಾನ್, ಎಲ್‌ಎಚ್, ಎಸ್‌ಎಚ್‌ಬಿಜಿ. ಎಸ್‌ಎಚ್‌ಬಿಜಿ ಅಂದರೆ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹೊತ್ತು ಓಡಾಡುವ ಪ್ರೋಟೀನ್. ಪ್ಯಾಕೇಜಿನಲ್ಲಿ ಬರುವ "ಫ್ರೀ ಟೆಸ್ಟೋಸ್ಟಿರಾನ್" ನೇರ ಪರೀಕ್ಷೆಯನ್ನು ನಂಬಬೇಡಿ, ಉಳಿದ ಸಂಖ್ಯೆಗಳಿಂದ ಡಾಕ್ಟರ್ ಅದನ್ನು ಲೆಕ್ಕ ಹಾಕುತ್ತಾರೆ. ಒಂದೇ ಲ್ಯಾಬ್‌ನಲ್ಲಿ, ಬೇರೆ ಬೇರೆ ದಿನ, ಎರಡು ಸಲ.

ಅವನ ಸಂಖ್ಯೆಗಳು 486 ಮತ್ತು 461 ಬಂದವು. ಎಲ್‌ಎಚ್ ಸರಿಯಾಗಿತ್ತು. ದಪ್ಪಗಿಲ್ಲದ ಆರೋಗ್ಯವಂತ 19ರಿಂದ 39ರ ಗಂಡಸರಿಗೆ ಮಿತಿ 264ರಿಂದ 916. ಅವನು ಅಕ್ಟೋಬರ್‌ನಲ್ಲೂ ಆ ಮಿತಿಯೊಳಗೇ ಇದ್ದ. ಎರಡು ಬೆಳಗಿನ ರಿಪೋರ್ಟೂ 300ಕ್ಕಿಂತ ಕೆಳಗೆ ಬಂದು, ಜೊತೆಗೆ ಆಸೆ ಕುಗ್ಗಿದ್ದು, ಬೆಳಗಿನ ನಿಮಿರುವಿಕೆ ನಿಂತದ್ದು, ಗಡ್ಡ ಕ್ಷೌರ ಕಡಿಮೆಯಾದದ್ದು ಇದ್ದರೆ ಎಂಡೋಕ್ರಿನಾಲಜಿಸ್ಟ್ ಹತ್ತಿರ ಹೋಗಿ. ಟ್ರೈನರ್ ಹತ್ತಿರ ಬೇಡ.

ಹುಡುಗ ಕ್ರಿಯೇಟಿನ್ ಮುಂದುವರಿಸಿದ್ದಾನೆ, ದಿನಕ್ಕೆ 4 ಗ್ರಾಂ. ವೇ ಒಂದು ಸ್ಕೂಪಿಗೆ ಇಳಿದಿದೆ. ತಣ್ಣೀರು ಸಂಕ್ರಾಂತಿಗೆ ಮೊದಲೇ ನಿಂತಿತು, ಅಕ್ಕ ಗೀಸರ್ ಹಾಕಿಕೊಟ್ಟರೆ ಬೇಡ ಅನ್ನುವುದಿಲ್ಲ. ರಾತ್ರಿ ಪಾಳಿ ಬದಲಿಸಿಕೊಡಿ ಎಂದು ಮ್ಯಾನೇಜರ್‌ಗೆ ಮೇಲ್ ಹಾಕಿದ್ದಾನೆ. ಇನ್ನೂ ಉತ್ತರ ಬಂದಿಲ್ಲ.